ಸ್ಟೆಬಿಲಿಟಿ ಚೇಂಬರ್ ಕ್ಯಾಲಿಬ್ರೇಷನ್ ಮಾಡಿಸುವವರೇ, ಮಾಸ್ಟರ್ ಯಾವುದು ಅಂತ ಮೊದಲು ಕೇಳಿ

ಔಷಧ ಕಂಪನಿಗಳಲ್ಲಿ ಸ್ಟೆಬಿಲಿಟಿ ಚೇಂಬರ್ ನೋಡಿಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತೇವಾಂಶದ ಪ್ರೋಬ್‌ಗೆ ಸರ್ಟಿಫಿಕೇಟ್ ಇದೆ ಅಂದ ಮಾತ್ರಕ್ಕೆ ಚೇಂಬರ್ ಸರಿಯಿದೆ ಅಂತ ನಂಬಬೇಡಿ. ನಮ್ಮ ಹತ್ತಿರ ಸರ್ಟಿಫಿಕೇಟ್ ಇತ್ತು, ಸಹಿ ಇತ್ತು, ಸೀಲೂ ಇತ್ತು. ಒಳಗಿನ ಹವೆ ಮಾತ್ರ ಬೇರೆಯೇ ಇತ್ತು.

ನಮ್ಮದು 40 ಡಿಗ್ರಿ, 75 ಪರ್ಸೆಂಟ್ ತೇವಾಂಶದ ಚೇಂಬರ್. ತೇವಾಂಶ 5 ಪರ್ಸೆಂಟ್ ಆಚೀಚೆ ಆದರೆ ನಡೆಯುತ್ತದೆ, ಅಂದರೆ 70ರಿಂದ 80ರ ಒಳಗಿರಬೇಕು. ಡಿಸ್‌ಪ್ಲೇ ಯಾವಾಗ ನೋಡಿದರೂ 75ರ ಆಸುಪಾಸಿನಲ್ಲೇ ಇರುತ್ತಿತ್ತು. ಕ್ಯಾಲಿಬ್ರೇಷನ್‌ಗೆ ಬಂದವರು ಹೋಲಿಸಿ ನೋಡಲು ತಮ್ಮ ಮಾಸ್ಟರ್ ಮೀಟರಿನ ಪ್ರೋಬನ್ನು ಒಳಗಿಟ್ಟರು. ಅದೂ 75 ತೋರಿಸಿತು. "ಪಾಸ್ ಮೇಡಂ" ಅಂತ ಹೇಳಿ ಹೋದರು.

ಅನುಮಾನ ಬಂದದ್ದು ಮಾತ್ರೆಗಳಿಂದ. ಒಂದೇ ಬ್ಯಾಚಿನ ಮಾತ್ರೆಗಳನ್ನು ತೆರೆದ ತಟ್ಟೆಯಲ್ಲಿ ಎರಡು ಚೇಂಬರಿನಲ್ಲಿ ಇಟ್ಟಿದ್ದೆವು. ಎರಡರಲ್ಲೂ 40/75 ಅಂತಲೇ ಸೆಟ್ಟಿಂಗ್. ಈ ಚೇಂಬರಿನ ಮಾತ್ರೆಗಳು ಮಾತ್ರ ಪ್ರತಿ ಸಲವೂ ಕಡಿಮೆ ನೀರು ಹೀರಿದ್ದವು. ಆಮೇಲೆ ಆ ಮೀಟರಿನ ಕಾಗದ ಕೇಳಿ ನೋಡಿದರೆ, ಅವರ ಮಾಸ್ಟರ್ ಕೂಡ ನಮ್ಮ ಪ್ರೋಬಿನ ಜಾತಿಯದೇ. ಅದನ್ನು ಪರೀಕ್ಷಿಸಿದ್ದು 25 ಡಿಗ್ರಿಯಲ್ಲಿ. ಬಳಸುತ್ತಿದ್ದದ್ದು 40ರಲ್ಲಿ.

ಈ ಜಾತಿಯ ಪ್ರೋಬಿನ ಒಳಗೆ ತೆಳುವಾದ ಪಾಲಿಮರ್ ಪೊರೆ ಇರುತ್ತದೆ. ಅದು ಗಾಳಿಯ ನೀರಾವಿ ಹೀರಿಕೊಂಡಾಗ ಅದರ ಕೆಪ್ಯಾಸಿಟನ್ಸ್ ಬದಲಾಗುತ್ತದೆ. ಆ ಬದಲಾವಣೆಯನ್ನೇ ಪರ್ಸೆಂಟ್ ಲೆಕ್ಕದಲ್ಲಿ ತೋರಿಸುತ್ತಾರೆ. ಪ್ರೋಬ್ ಅಗ್ಗ, ಚಿಕ್ಕದು, ಬೇಗ ಉತ್ತರ ಕೊಡುತ್ತದೆ. ಆದರೆ ಬಿಸಿ ಮತ್ತು ತೇವದಲ್ಲಿ ಬಹಳ ದಿನ ಇದ್ದರೆ ಪೊರೆಯ ಸ್ವಭಾವವೇ ಬದಲಾಗುತ್ತದೆ, ಸಾಮಾನ್ಯವಾಗಿ ಇರುವುದಕ್ಕಿಂತ ಜಾಸ್ತಿ ತೋರಿಸಲು ಶುರುಮಾಡುತ್ತದೆ. ಚೇಂಬರ್ ಒರೆಸುವ ಸ್ಪಿರಿಟ್ಟಿನ ಆವಿಯೂ ಅದಕ್ಕೆ ಆಗಿಬರುವುದಿಲ್ಲ. ಊರೆಲ್ಲ ಬಿಸಿ ಚೇಂಬರ್ ಸುತ್ತುವ ಮಾಸ್ಟರಿಗೂ ಇದೇ ಗತಿ. ಎರಡೂ ಒಂದೇ ಕಡೆಗೆ ವಾಲಿದ್ದರೆ ಒಂದಕ್ಕೊಂದು ಹೊಂದಿಕೊಳ್ಳದೆ ಇನ್ನೇನು?

ಹಾಗಾಗಿ ಚಿಲ್ಡ್ ಮಿರರ್ ಬೇಕು ಅಂತ ಪಟ್ಟು ಹಿಡಿದೆವು. ಇದರ ತತ್ವ ಸರಳ. ಫ್ರಿಡ್ಜಿನಿಂದ ತೆಗೆದ ಬಾಟಲಿ ಬೆವರುತ್ತದಲ್ಲ, ಅದನ್ನೇ ಹದ್ದುಬಸ್ತಿನಲ್ಲಿ ಮಾಡುವುದು. ಚಿನ್ನ ಅಥವಾ ರೋಡಿಯಂ ಲೇಪಿಸಿದ ಪುಟ್ಟ ಕನ್ನಡಿ, ಅದರ ಕೆಳಗೆ ತಂಪು ಮಾಡುವ ಪೆಲ್ಟಿಯರ್, ಕನ್ನಡಿಯ ಮೈಗೆ ಅಂಟಿದಂತೆ ಒಂದು ಪ್ಲಾಟಿನಂ ಥರ್ಮಾಮೀಟರ್. ಮೇಲಿನಿಂದ ಎಲ್‌ಇಡಿ ಬೆಳಕು ಬೀಳುತ್ತದೆ. ಕನ್ನಡಿ ತಂಪಾಗುತ್ತಾ ಹೋಗಿ ಮೇಲೆ ಹನಿ ಕಟ್ಟಿದಾಗ ಬೆಳಕು ಚದುರುತ್ತದೆ, ಎದುರಿನ ಡಿಟೆಕ್ಟರಿಗೆ ಕಡಿಮೆ ಬೀಳುತ್ತದೆ. ಆಗ ಯಂತ್ರ ಕನ್ನಡಿಯನ್ನು ತುಸು ಬಿಸಿ ಮಾಡುತ್ತದೆ. ಹನಿ ಕರಗಿದರೆ ಮತ್ತೆ ತಂಪು ಮಾಡುತ್ತದೆ. ಹನಿಯ ಪದರ ಹೆಚ್ಚೂ ಆಗದೆ ಕಡಿಮೆಯೂ ಆಗದೆ ನಿಂತಾಗ, ಎಷ್ಟು ನೀರು ಕೂರುತ್ತದೋ ಅಷ್ಟೇ ಆವಿಯಾಗುತ್ತಿರುತ್ತದೆ. ಆ ಹೊತ್ತಿನಲ್ಲಿ ಕನ್ನಡಿಯ ಉಷ್ಣತೆಯೇ ಡ್ಯೂ ಪಾಯಿಂಟ್.

ಇಲ್ಲಿ ಹಾಳಾಗಲು ಪೊರೆಯೇ ಇಲ್ಲ. ಅಳೆಯುವುದು ಬರೀ ಉಷ್ಣತೆ, ತೇವಾಂಶ ತೀರ್ಮಾನಿಸುವುದು ನೀರಿನದೇ ಗುಣ. ಪ್ಲಾಟಿನಂ ಥರ್ಮಾಮೀಟರ್ ವರ್ಷಗಟ್ಟಲೆ ಹೆಚ್ಚು ಕದಲುವುದಿಲ್ಲ, ಅದರ ಲೆಕ್ಕವನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮಾನಕದವರೆಗೆ ಜೋಡಿಸಬಹುದು. ಒಳ್ಳೆಯ ಯಂತ್ರದಲ್ಲಿ ಡ್ಯೂ ಪಾಯಿಂಟ್ 0.2 ಡಿಗ್ರಿಯೊಳಗೆ ಸಿಗುತ್ತದೆ. ನಮ್ಮ ಚೇಂಬರಿನ ಮಟ್ಟದಲ್ಲಿ ಅದು 1 ಪರ್ಸೆಂಟ್ ತೇವಾಂಶಕ್ಕೂ ಕಡಿಮೆ. ಇದಕ್ಕೇ ಉಳಿದ ಸೆನ್ಸರುಗಳನ್ನು ಇದರ ಮುಂದೆ ನಿಲ್ಲಿಸಿ ಅಳೆಯುವುದು. ಹಾಗಂತ ದಿನವೂ ಪ್ರತಿ ಚೇಂಬರಿನಲ್ಲಿ ಇಡಲಾಗುವುದಿಲ್ಲ. ದುಬಾರಿ, ನಿಧಾನ, ಮೇಲಾಗಿ ಕನ್ನಡಿ ಒರೆಸುತ್ತಲೇ ಇರಬೇಕು.

ಚಿಲ್ಡ್ ಮಿರರ್ ಬಂತು, ಅದರ ಜೊತೆ ಎರಡನೇ ಎಡವಟ್ಟೂ ಬಂತು. ಅದನ್ನು ತಂದ ಹುಡುಗ ಯಂತ್ರವನ್ನು ಹೊರಗೆ, ಎಸಿ ಹಾಕಿದ ರೂಮಿನ ಮೇಜಿನ ಮೇಲಿಟ್ಟ. ಚೇಂಬರಿನಿಂದ ಒಂದು ಪ್ಲಾಸ್ಟಿಕ್ ಪೈಪು ಎಳೆದ. ರೂಮು 24 ಡಿಗ್ರಿ. ಕನ್ನಡಿ ತೋರಿಸಿದ ಡ್ಯೂ ಪಾಯಿಂಟೂ 24. ಲೆಕ್ಕ ಹಾಕಿದರೆ ತೇವಾಂಶ ಬರೀ 40 ಪರ್ಸೆಂಟ್! "ನಿಮ್ಮ ಸೆನ್ಸರ್ ಪೂರ್ತಿ ಹೋಗಿದೆ ಮೇಡಂ, ಕರೆಕ್ಷನ್ ಹಾಕಿಬಿಡ್ಲಾ?" ಅಂದ. ನಾನು ಪೈಪು ಎತ್ತಿ ಬೆಳಕಿಗೆ ಹಿಡಿದೆ. ಒಳಗೆ ಸಾಲುಸಾಲಾಗಿ ನೀರಿನ ಹನಿ.

40 ಡಿಗ್ರಿಯಲ್ಲಿ 75 ಪರ್ಸೆಂಟ್ ಇದ್ದರೆ ಡ್ಯೂ ಪಾಯಿಂಟ್ ಸುಮಾರು 34.7 ಡಿಗ್ರಿ. ದಾರಿಯಲ್ಲಿ ಅದಕ್ಕಿಂತ ತಣ್ಣಗಿನ ಜಾಗ ಸಿಕ್ಕರೆ ನೀರು ಅಲ್ಲೇ ಇಳಿದುಬಿಡುತ್ತದೆ. ಕನ್ನಡಿಗೆ ತಲುಪುವುದು ರೂಮಿನ ಉಷ್ಣತೆಗೆ ತಕ್ಕಷ್ಟು ಆವಿ ಮಾತ್ರ. ಯಂತ್ರ ಸುಳ್ಳು ಹೇಳಲಿಲ್ಲ, ತನ್ನ ಹತ್ತಿರ ಬಂದ ಗಾಳಿಯನ್ನೇ ಅಳೆಯಿತು. ಡ್ಯೂ ಪಾಯಿಂಟ್ ರೂಮಿನ ಉಷ್ಣತೆಗೆ ಅಂಟಿಕೊಂಡು ನಿಂತಿದ್ದರೆ ಮೊದಲು ಪೈಪು ನೋಡಿ. ಪೈಪನ್ನೂ ಕನ್ನಡಿಯ ತಲೆಯನ್ನೂ 45 ಡಿಗ್ರಿಯಷ್ಟು ಬಿಸಿಯಾಗಿಡಬೇಕು, ಇಲ್ಲವೇ ತಲೆಯನ್ನೇ ಚೇಂಬರಿನ ಒಳಗಿಡಬೇಕು. ಪೈಪು ಸ್ಟೀಲ್ ಅಥವಾ ಟೆಫ್ಲಾನ್ ಇರಲಿ. ನೈಲಾನ್, ರಬ್ಬರ್ ಬೇಡ, ಅವೇ ನೀರು ಕುಡಿಯುತ್ತವೆ.

ಬೇರೆಯವರನ್ನು ಕರೆಸಿ, ತಲೆಯನ್ನು ಒಳಗೇ ಇಡಿಸಿದೆವು. ಡ್ಯೂ ಪಾಯಿಂಟ್ 33.0ರಲ್ಲಿ ನಿಂತಿತು. 33 ಡಿಗ್ರಿಯಲ್ಲಿ ನೀರಾವಿಯ ಒತ್ತಡ ಸುಮಾರು 50.2 ಹೆಕ್ಟೋಪಾಸ್ಕಲ್, 40ರಲ್ಲಿ ಪೂರ್ತಿ ತುಂಬಿದಾಗ 73.7. ಭಾಗಿಸಿದರೆ 68 ಪರ್ಸೆಂಟ್. ಡಿಸ್‌ಪ್ಲೇಯಲ್ಲಿ ಆಗಲೂ 75! 70ರ ಗೆರೆಯ ಕೆಳಗೆ ಮಾತ್ರೆಗಳು ಎಷ್ಟು ಕಾಲ ಕೂತಿದ್ದವೋ, ಆ ಅಷ್ಟೂ ಡೇಟಾದ ಮೇಲೆ ಡೀವಿಯೇಷನ್ ಬರೆಯಬೇಕಾಯಿತು. ಮೊದಲಿನವರು ದುಡ್ಡು ವಾಪಸ್ ಕೊಡಲಿಲ್ಲ, ಅದು ಬೇರೆ ಕಥೆ.

ಭಾಗಿಸುವಾಗ ಕೆಳಗೆ ಬರುವ 40ರ ಮೇಲೂ ಕಣ್ಣಿರಲಿ. ಅದನ್ನು ಚೇಂಬರಿನ ಡಿಸ್‌ಪ್ಲೇ ನೋಡಿ ಬರೆದುಕೊಳ್ಳುವವರಿದ್ದಾರೆ. ನಿಜವಾಗಿ 40.5 ಇದ್ದಿದ್ದರೆ ಇದೇ 33.0ಕ್ಕೆ ತೇವಾಂಶ 66ರ ಹತ್ತಿರ ಬರುತ್ತಿತ್ತು. ಹಾಗಾಗಿ ಪ್ರೋಬಿನ ಪಕ್ಕದಲ್ಲೇ ಬೇರೆ ಥರ್ಮಾಮೀಟರ್ ಇಡಿಸಿ. ಕಂಪ್ರೆಸ್ಡ್ ಏರ್‌ನಂಥ ಒಣ ಗಾಳಿ ಅಳೆಯುವವರಿಗೆ ಇನ್ನೊಂದು ತೊಡಕಿದೆ. ಸೊನ್ನೆಯ ಕೆಳಗೆ ಕನ್ನಡಿ ಮೇಲಿರುವುದು ನೀರೋ ಮಂಜುಗಡ್ಡೆಯೋ ಗೊತ್ತಾಗಬೇಕು. ಮೈನಸ್ 10ರ ಹತ್ತಿರ ಎರಡಕ್ಕೂ ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ.

ಇನ್ನು ಕನ್ನಡಿಯ ಕೊಳೆ. ಬರೀ ದೂಳಾದರೆ ಬೆಳಕನ್ನು ಚದುರಿಸುತ್ತದೆ, ಯಂತ್ರ ಆಗಾಗ ಕನ್ನಡಿ ಬಿಸಿ ಮಾಡಿ ಒಣ ಕನ್ನಡಿಯ ಬೆಳಕನ್ನು ಹೊಸದಾಗಿ ಗುರುತಿಟ್ಟುಕೊಂಡರೆ ಅದು ಸರಿಹೋಗುತ್ತದೆ. ಬೆರಳಿನ ಉಪ್ಪು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಉಪ್ಪು ಕರಗಿದ ನೀರು ಕಷ್ಟಪಟ್ಟು ಆವಿಯಾಗುತ್ತದೆ, ಹನಿ ಬೇಗ ಕಟ್ಟುತ್ತದೆ, ಡ್ಯೂ ಪಾಯಿಂಟ್ ಇರುವುದಕ್ಕಿಂತ ಮೇಲೆ ಕಾಣುತ್ತದೆ. ನಿಮ್ಮ ಕಣ್ಣೆದುರಿಗೇ ಒಂದು ಸಲ ಅಳೆಸಿ. ಆಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿದ ಹತ್ತಿಯಿಂದ, ನಂತರ ಶುದ್ಧ ಐಪಿಎಯಿಂದ ಕನ್ನಡಿ ಒರೆಸಿ ಒಣಗಿಸಿ, ಮತ್ತೆ ಅಳೆಸಿ. ಚೇಂಬರ್ ಸ್ಥಿರವಾಗಿದ್ದೂ ಎರಡರ ನಡುವೆ 0.2 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೊದಲಿನ ಅಂಕಿಯನ್ನು ಸರ್ಟಿಫಿಕೇಟಿಗೆ ಸೇರಿಸಲು ಬಿಡಬೇಡಿ.