ಪಟ್ಟಿ ಪಾಯ: ದೃಢ ವಿಧಾನವೇ, ಸ್ಪ್ರಿಂಗ್ ತೊಲೆಯೇ?

ಬೆಂಗಳೂರಿನ ಕೆಂಪು ಮಣ್ಣಿನ ನಿವೇಶನವೊಂದರಲ್ಲಿ 1.5 ಮೀ ಅಗಲ, 0.5 ಮೀ ದಪ್ಪದ ಎಂ25 ಪಟ್ಟಿ ಪಾಯ. ಪ್ರತಿ ಕಂಬದ ಭಾರ 600 kN ಎಂದುಕೊಳ್ಳಿ. ದೃಢ ವಿಧಾನದಲ್ಲಿ ಮಣ್ಣಿನ ಒತ್ತಡ ನೇರ ರೇಖೆಯಲ್ಲಿ ಹಂಚಿಕೆಯಾಗುತ್ತದೆ ಎಂದು ಭಾವಿಸಿದರೆ ಸಾಕು, ಅರ್ಧ ಗಂಟೆಯ ಕೆಲಸ. ಆದರೆ ಪಾಯ ಎಷ್ಟು ಬಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳುವುದು ಸ್ಪ್ರಿಂಗ್ ತೊಲೆ: ಮಣ್ಣನ್ನು ಸ್ಪ್ರಿಂಗುಗಳ ಸಾಲೆಂದೂ ಪಾಯವನ್ನು ಅದರ ಮೇಲಿನ ತೊಲೆಯೆಂದೂ ಭಾವಿಸುವ ವಿಧಾನ.

ಆಯ್ಕೆಯನ್ನು ನಿರ್ಧರಿಸುವುದು λ = (k/4EI)^(1/4). ಇಲ್ಲಿ k ಎಂದರೆ ಮಣ್ಣಿನ ಮಾಡ್ಯುಲಸ್ ಗುಣಿಸು ಅಗಲ; ಮಾಡ್ಯುಲಸ್ ಎಂದರೆ ಪ್ರತಿ ಮೀಟರ್ ಕುಸಿತಕ್ಕೆ ಮಣ್ಣು ಕೊಡುವ ಒತ್ತಡ, EI ಎಂದರೆ ಪಾಯದ ಬಾಗುವಿಕೆಯ ಬಿಗಿತ. ಮಾಡ್ಯುಲಸ್ 30,000 kN/m³ ಎಂದರೆ λ ಸುಮಾರು 0.41, 1.75/λ ಸುಮಾರು 4.25 ಮೀ. ಕಂಬಗಳ ಅಂತರ ಇದಕ್ಕಿಂತ ಕಡಿಮೆಯಿದ್ದು ಭಾರ, ಅಂತರಗಳು ಹೆಚ್ಚುಕಡಿಮೆ ಸಮವಾಗಿದ್ದರೆ ದೃಢ ವಿಧಾನ ಸಾಕು. ಅಂತರ 6 ಮೀ ಆದರೆ ಸ್ಪ್ರಿಂಗ್ ತೊಲೆಯೇ ಸರಿ.

ಉದ್ದ ಪಾಯದ ನಡುವಿನ ಒಂದೇ ಕಂಬಕ್ಕೆ, ಭಾರ P ಆದರೆ, ಬಾಗಿಸುವ ಮೊಮೆಂಟ್ M = P/4λ, ಅಂದರೆ 364 kN·m; ಕುಸಿತ Pλ/2k, ಅಂದರೆ 2.7 ಮಿಮೀ. ಪಕ್ಕದ ಕಂಬಗಳ ಪ್ರಭಾವವನ್ನು ಆಮೇಲೆ ಕೂಡಿಸಬೇಕು.

ಮಾಡ್ಯುಲಸ್ ಅರ್ಧಕ್ಕಿಳಿದರೆ ಮೊಮೆಂಟ್ ಏರುವುದು ಶೇ 19 ಮಾತ್ರ, ಕುಸಿತವೋ ಶೇ 68. ಹಾಗಾಗಿ ಕಬ್ಬಿಣದ ಲೆಕ್ಕಕ್ಕೆ ಅಂದಾಜು ಮಾಡ್ಯುಲಸ್ ನಡೆಯುತ್ತದೆ, ಕುಸಿತಕ್ಕೆ ನಡೆಯದು. 300 ಮಿಮೀ ಫಲಕ ಪರೀಕ್ಷೆಯ ಅಂಕಿಯನ್ನು ಪಾಯದ ಅಗಲಕ್ಕೆ ಇಳಿಸದೆ ಬಳಸಿದರಂತೂ ಕುಸಿತ ಸುಳ್ಳೇ ಸುಳ್ಳು.

ಹೂತ ಕೆರೆಯಂಗಳದಲ್ಲಿ ಎರಡನ್ನೂ ನಾನು ನಂಬುವುದಿಲ್ಲ. ಸ್ಪ್ರಿಂಗುಗಳು ಒಂದನ್ನೊಂದು ಎಳೆಯುವುದಿಲ್ಲ, ಆಳದ ಮೆತ್ತನೆಯ ಪದರವೂ ಅವುಗಳಿಗೆ ಕಾಣದು. ಅಲ್ಲಿ ಪದರವಾರು ಕುಸಿತದ ಲೆಕ್ಕ ಬೇರೆಯಾಗಿಯೇ ಆಗಬೇಕು.