ಹ್ಯಾಂಡೋವರ್ ನೋಟಿನ ‘ಸ್ಕ್ರಿಪ್ಟ್ ಇದೆ, ತೊಂದರೆಯಿಲ್ಲ’ ನಂಬಿ ಕೆಟ್ಟೆ

ಅರ್ಧಕ್ಕೆ ನಿಂತಿದ್ದ ಪ್ರಾಜೆಕ್ಟೊಂದು ನನ್ನ ತಲೆಗೆ ಬಂತು. ಕೆಲಸ ಬಿಟ್ಟು ಹೊರಟಿದ್ದ ಡೆವಲಪರ್ ಒಳ್ಳೆಯವರೇ, ಒಂಬತ್ತು ಬಗ್‌ಗಳ ಪಟ್ಟಿ ಬರೆದುಕೊಟ್ಟಿದ್ದರು. ನಾಲ್ಕನೆಯ ಸಾಲು ಹೀಗಿತ್ತು: ‘ಆರ್ಡರ್ ಕೆಲವೊಮ್ಮೆ ಎರಡು ಸಲ ದಾಖಲಾಗುತ್ತೆ. ಸ್ಕ್ರಿಪ್ಟ್ ಇದೆ, ತೊಂದರೆಯಿಲ್ಲ.’ ನಾನೂ ತಲೆಯಾಡಿಸಿ ಮುಂದೆ ಹೋದೆ.

ಅವರು ಹೋದ ಮೂರು ವಾರಕ್ಕೆ, ಒಂದೇ ಸಲ ದುಡ್ಡು ಕಟ್ಟಿದ ಗ್ರಾಹಕರಿಗೆ ಎರಡೆರಡು ಪಾರ್ಸೆಲ್ ಹೋಗತೊಡಗಿದವು.

ಎರಡು ದಿನ ಕೋಡ್ ಕೆದಕಿದೆ. ಹಣ ಜಮೆಯಾದಾಗ ಪೇಮೆಂಟ್ ಗೇಟ್‌ವೇ ನಮ್ಮ ಸರ್ವರ್‌ಗೆ ವೆಬ್‌ಹುಕ್ ಕಳಿಸುತ್ತದೆ. ಕೆಲವು ಸೆಕೆಂಡುಗಳಲ್ಲಿ 200 ಉತ್ತರ ಸಿಗದಿದ್ದರೆ ಅದನ್ನೇ ಮತ್ತೆ ಕಳಿಸುತ್ತದೆ. ನಮ್ಮ ಕೋಡ್ ಮೊದಲು ‘ಈ ಆರ್ಡರ್ ಇದೆಯಾ?’ ಎಂದು ನೋಡಿ, ಬಿಲ್ಲಿನ ಪಿಡಿಎಫ್ ಮಾಡಿ, ಮೇಲ್ ಕಳಿಸಿ, ಕೊನೆಗೆ ಡೇಟಾಬೇಸ್‌ಗೆ ಬರೆದು ಉತ್ತರಿಸುತ್ತಿತ್ತು. ಮೇಲ್ ಸರ್ವರ್ ನಿಧಾನವಾದರೆ ಮೊದಲನೆಯದು ಬರೆದು ಮುಗಿಸುವ ಮುಂಚೆಯೇ ಎರಡನೆಯದು ಬಂದು, ‘ಇಲ್ಲ’ ಎಂಬ ಉತ್ತರ ಪಡೆದು, ತಾನೂ ಒಂದು ಸಾಲು ಬರೆದುಬಿಡುತ್ತಿತ್ತು.

ಹಾಗಾದರೆ ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ? ದಿನಾ ರಾತ್ರಿ ಎರಡಕ್ಕೆ ಆ ಸ್ಕ್ರಿಪ್ಟ್ ನಕಲುಗಳನ್ನು ಅಳಿಸುತ್ತಿತ್ತು, ಬೆಳಿಗ್ಗೆ ಪ್ಯಾಕಿಂಗ್ ಪಟ್ಟಿ ಶುದ್ಧವಾಗಿರುತ್ತಿತ್ತು. ಆದರೆ ಅದು ಓಡುತ್ತಿದ್ದದ್ದು ಅವರ ಸ್ವಂತ ಯೂಸರ್ ಹೆಸರಿನ ಕ್ರಾನ್‌ನಲ್ಲಿ. ನಿಯಮದಂತೆ ಅವರ ಖಾತೆ ಅಳಿಸಿದೆವು, ಕ್ರಾನೂ ನಿಂತಿತು. ಎರರ್ ಬರಲಿಲ್ಲ. ಓಡದ ಕೆಲಸಕ್ಕೆ ಲಾಗ್ ಎಲ್ಲಿಂದ ಬರಬೇಕು?

ಇಂಥದ್ದು ನಿಮ್ಮಲ್ಲಿದೆಯೇ ಎಂದು ನೋಡಲು (ಟೇಬಲ್, ಕಾಲಂ ಹೆಸರು ನಿಮ್ಮದಕ್ಕೆ ತಕ್ಕಂತೆ ಬದಲಿಸಿ):

```sql
SELECT payment_id, COUNT(*)
FROM orders
GROUP BY payment_id
HAVING COUNT(*) > 1;
```

ಇದನ್ನು ಸ್ಕ್ರಿಪ್ಟ್ ಓಡುವ ಮುಂಚೆ ನೋಡಬೇಕು, ಓಡಿದ ಮೇಲೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ನಾವು ಇರುವ ನಕಲುಗಳನ್ನು ಅಳಿಸಿ `payment_id` ಮೇಲೆ `UNIQUE` ಹಾಕಿದೆವು (ಅಳಿಸದೆ ಹಾಕಲು ಹೋದರೆ ಡೇಟಾಬೇಸ್ ಒಪ್ಪುವುದಿಲ್ಲ). ಈಗ ಆರ್ಡರ್ ಬರೆದ ತಕ್ಷಣ 200 ಹೋಗುತ್ತದೆ, ಪಿಡಿಎಫ್, ಮೇಲ್ ಎಲ್ಲ ಆಮೇಲೆ ಕ್ಯೂನಲ್ಲಿ. ನಾನು ಇಲ್ಲೂ ಎಡವಿದೆ: ಎರಡನೆಯ ವೆಬ್‌ಹುಕ್ `UNIQUE`ಗೆ ಡಿಕ್ಕಿ ಹೊಡೆದಾಗ 500 ಹೋಗುತ್ತಿತ್ತು, ಗೇಟ್‌ವೇ ಮತ್ತೆ ಮತ್ತೆ ಕಳಿಸುತ್ತಲೇ ಇತ್ತು. ಆ ಎರರ್ ಹಿಡಿದು, ಅದಕ್ಕೂ 200 ಕೊಡಬೇಕು.

ನಿಮಗೆ ಇಂಥ ನೋಟ್ ಸಿಕ್ಕರೆ, ಬಗ್ ಏನು ಎಂದಷ್ಟೇ ಕೇಳಬೇಡಿ. ಅದನ್ನು ಇವತ್ತು ಮುಚ್ಚಿಡುತ್ತಿರುವುದು ಯಾವುದು, ಅದು ಯಾವ ಮಷೀನಿನಲ್ಲಿ, ಯಾರ ಖಾತೆಯಲ್ಲಿ ಓಡುತ್ತಿದೆ ಎಂದು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಖಾತೆ ಅಳಿಸುವ ಮುಂಚೆ `sudo crontab -l -u` ಮುಂದೆ ಅವರ ಯೂಸರ್ ಹೆಸರು ಹಾಕಿ ನೋಡಿ. ಅರ್ಧ ನಿಮಿಷದ ಕೆಲಸ.

ಅಂದಹಾಗೆ, ಏಳನೆಯ ಸಾಲು ‘ರಿಫಂಡ್ ಕೋಡ್ ಮುಟ್ಟಬೇಡಿ’ ಅಂತಿದೆ. ಯಾಕೆ ಅಂತ ಬರೆದಿಲ್ಲ. ನಾಳೆ ಅವರಿಗೆ ಫೋನ್ ಮಾಡಬೇಕು.