ವ್ಯುತ್ಕ್ರಮ ತೆಗೆದಾಗ ಗುರುತು ತಿರುಗಿಸಬೇಕಾ? ಮೂರು ದಾರಿಗಳನ್ನು ಹಾಕಿ ನೋಡಿದ್ದು

ಛೇದದಲ್ಲಿ x ಇರುವ ಅಸಮತೆ ಎದುರಿಗೆ ಬಂದರೆ ಹೆಚ್ಚಿನವರ ಕೈ ಒಂದೇ ಕಡೆ ಓಡುತ್ತದೆ: ಎರಡೂ ಬದಿಯ ವ್ಯುತ್ಕ್ರಮ ತೆಗೆ, < ಇದ್ದದ್ದನ್ನು > ಮಾಡು, ಮುಗೀತು. ಈ ದಾರಿ ಕೆಲವೊಮ್ಮೆ ಎರಡೇ ಸಾಲಿನಲ್ಲಿ ಉತ್ತರ ಕೊಡುತ್ತದೆ. ಕೆಲವೊಮ್ಮೆ ಅರ್ಧ ಉತ್ತರವನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. ಇದೇ ಕೆಲಸಕ್ಕೆ ಇನ್ನೂ ಎರಡು ದಾರಿಗಳಿವೆ. ಛೇದದ ವರ್ಗದಿಂದ ಗುಣಿಸುವುದು ಒಂದು. ಎಲ್ಲವನ್ನೂ ಒಂದೇ ಬದಿಗೆ ತಂದು ಚಿಹ್ನೆ ನೋಡುವುದು ಇನ್ನೊಂದು. ಮೂರನ್ನೂ ಒಂದೇ ಲೆಕ್ಕದ ಮೇಲೆ ಹಾಕಿ ನೋಡಿದೆ. ಆಮೇಲೆ ಸ್ವಲ್ಪ ಕಷ್ಟದ ಲೆಕ್ಕದ ಮೇಲೂ ಹಾಕಿದೆ.

ಮೊದಲು ನಿಯಮ ಎಲ್ಲಿಂದ ಬರುತ್ತದೆ ಅಂತ ನೋಡೋಣ. ಇದನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ. a < b ಅಂತಿರಲಿ, ಎರಡರಲ್ಲಿ ಯಾವುದೂ ಸೊನ್ನೆ ಅಲ್ಲ. ಎರಡೂ ಬದಿಯನ್ನು ab ಯಿಂದ ಭಾಗಿಸಿ. ಎಡಗಡೆ 1/b ಉಳಿಯುತ್ತದೆ, ಬಲಗಡೆ 1/a. ಅಂದರೆ ವ್ಯುತ್ಕ್ರಮ ತೆಗೆಯುವುದು ಎಂದರೆ ab ಯಿಂದ ಭಾಗಿಸುವುದು, ಅಷ್ಟೇ. ಹಾಗಾಗಿ ಪ್ರಶ್ನೆ ಇರುವುದು ಒಂದೇ: ab ಧನವೋ ಋಣವೋ?

a, b ಎರಡೂ ಧನ ಆಗಿದ್ದರೆ, ಅಥವಾ ಎರಡೂ ಋಣ ಆಗಿದ್ದರೆ, ab ಧನ. ಆಗ 1/b < 1/a. ಅಂದರೆ ಮೊದಲು ಚಿಕ್ಕದಾಗಿದ್ದ a ಯ ವ್ಯುತ್ಕ್ರಮವೇ ಈಗ ದೊಡ್ಡದು. ಗುರುತು ತಿರುಗಿತು. ಒಂದು ಧನ, ಒಂದು ಋಣ ಆಗಿದ್ದರೆ ab ಋಣ. ಆಗ 1/a < 1/b ಆಗಿಯೇ ಉಳಿಯುತ್ತದೆ. 2 < 5 ಇದ್ದದ್ದು 1/2 > 1/5 ಆಗುತ್ತದೆ. −5 < −2 ಇದ್ದದ್ದು −1/5 > −1/2 ಆಗುತ್ತದೆ. ಆದರೆ −2 < 5 ಇದ್ದದ್ದು −1/2 < 1/5 ಆಗಿಯೇ ಇರುತ್ತದೆ. ಋಣ ಸಂಖ್ಯೆಯ ವ್ಯುತ್ಕ್ರಮ ಋಣವೇ, ಧನದ್ದು ಧನವೇ. ಋಣ ಯಾವತ್ತೂ ಧನಕ್ಕಿಂತ ಚಿಕ್ಕದು ಅಲ್ವಾ? ತಿರುಗೋಕೆ ಕಾರಣವೇ ಇಲ್ಲ.

ಇಲ್ಲೊಂದು ಮಾತು. "ಋಣ ಸಂಖ್ಯೆ ಬಂದರೆ ಗುರುತು ತಿರುಗುತ್ತದೆ" ಅನ್ನುವುದು ಗುಣಾಕಾರದ ನಿಯಮ. ಅದನ್ನು ತಂದು ವ್ಯುತ್ಕ್ರಮಕ್ಕೆ ಅಂಟಿಸಿದರೆ ಎಲ್ಲವೂ ಉಲ್ಟಾ ಆಗುತ್ತದೆ. ಇಲ್ಲಿ ಚಿಹ್ನೆಗಳು ಬೇರೆಬೇರೆ ಇದ್ದಾಗಲೇ ಗುರುತು ಹಾಗೇ ಉಳಿಯುವುದು.

ಈಗ ಲೆಕ್ಕ: 1/(x−2) < 3.

ಕಣ್ಣು ಮುಚ್ಚಿಕೊಂಡು ತಿರುಗಿಸಿದರೆ x − 2 > 1/3, ಅಂದರೆ x > 7/3. ನೋಡೋಕೆ ಚೆನ್ನಾಗಿದೆ. ಆದರೆ x = 0 ಹಾಕಿ ನೋಡಿ. ಎಡಗಡೆ −1/2 ಬರುತ್ತದೆ, ಅದು 3 ಕ್ಕಿಂತ ಚಿಕ್ಕದೇ. 0 ಉತ್ತರದಲ್ಲಿ ಇರಬೇಕಿತ್ತು, ಇಲ್ಲ. ತಪ್ಪಾದ ಸಂಖ್ಯೆ ಏನೂ ಒಳಗೆ ಬಂದಿಲ್ಲ, ಸರಿಯಾದ ಒಂದು ದೊಡ್ಡ ಗುಂಪೇ ಹೊರಗೆ ಉಳಿದಿದೆ. ಈ ದಾರಿಯ ಅಪಾಯ ಇರುವುದೇ ಇಲ್ಲಿ. ಸಿಕ್ಕ ಉತ್ತರದ ಒಳಗಿನ ಸಂಖ್ಯೆ ಹಾಕಿ ಪರೀಕ್ಷಿಸಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಹೊರಗಿನ ಸಂಖ್ಯೆಯನ್ನೂ ಹಾಕಿ ನೋಡಿದರೆ ಮಾತ್ರ ಗೊತ್ತಾಗುವುದು.

ವ್ಯುತ್ಕ್ರಮದ ದಾರಿಯಲ್ಲೇ ಸರಿಯಾಗಿ ಹೋಗಬೇಕಾದರೆ ಎರಡು ಸಂದರ್ಭ ಮಾಡಬೇಕು. x > 2 ಆದಾಗ x − 2 ಧನ, 3 ಕೂಡ ಧನ. ತಿರುಗಿಸಿ: x > 7/3. ಇದು 2 ಕ್ಕಿಂತ ದೊಡ್ಡದೇ, ಹಾಗಾಗಿ ಪೂರ್ತಿ ಉಳಿಯುತ್ತದೆ. x < 2 ಆದಾಗ ಎಡಗಡೆ ಋಣ, ಬಲಗಡೆ ಧನ. ಇಲ್ಲಿ ವ್ಯುತ್ಕ್ರಮ ತೆಗೆಯುವ ಗೋಜೇ ಬೇಡ, ಋಣ ಹೇಗೂ 3 ಕ್ಕಿಂತ ಚಿಕ್ಕದು. x < 2 ಪೂರ್ತಿ ಉತ್ತರ. ಒಟ್ಟು: x < 2 ಅಥವಾ x > 7/3.

ಎರಡನೇ ದಾರಿ: (x−2)² ನಿಂದ ಗುಣಿಸುವುದು. x − 2 ನಿಂದ ನೇರವಾಗಿ ಗುಣಿಸೋಕೆ ಆಗಲ್ಲ, ಅದರ ಚಿಹ್ನೆ ಗೊತ್ತಿಲ್ಲ. ಅದರ ವರ್ಗ ಮಾತ್ರ x = 2 ಬಿಟ್ಟು ಎಲ್ಲ ಕಡೆ ಧನ. ಹಾಗಾಗಿ ಗುರುತು ಅಲುಗಾಡುವುದಿಲ್ಲ, ಸಂದರ್ಭ ಮಾಡುವ ಕೆಲಸವೂ ಇಲ್ಲ. x − 2 < 3(x−2)² ಬರುತ್ತದೆ. ಒಂದು ಬದಿಗೆ ತಂದರೆ (x−2)(3x−7) > 0. ಎರಡು ಅಪವರ್ತನಗಳೂ ಒಂದೇ ಚಿಹ್ನೆಯವು ಆಗಬೇಕು, ಹಾಗಾಗಿ x < 2 ಅಥವಾ x > 7/3.

ಮೂರನೇ ದಾರಿ: 3 ನ್ನು ಎಡಕ್ಕೆ ತನ್ನಿ. 1/(x−2) − 3 < 0, ಅಂದರೆ (7−3x)/(x−2) < 0. ಅಂಶ 7/3 ರಲ್ಲಿ ಸೊನ್ನೆ, ಛೇದ 2 ರಲ್ಲಿ ಸೊನ್ನೆ. ಸಂಖ್ಯಾರೇಖೆ ಮೂರು ತುಂಡಾಯಿತು. ಒಂದೊಂದು ತುಂಡಿನಿಂದ ಒಂದು ಸಂಖ್ಯೆ ಸಾಕು. 0 ಹಾಕಿದರೆ 7/(−2), ಋಣ. 2.1 ಹಾಕಿದರೆ 0.7/0.1, ಧನ. 3 ಹಾಕಿದರೆ (−2)/1, ಋಣ. ಅದೇ ಉತ್ತರ.

ಈ ಸಣ್ಣ ಲೆಕ್ಕದಲ್ಲಿ ನನಗೆ ವ್ಯುತ್ಕ್ರಮದ ದಾರಿಯೇ ಹಗುರ ಅನಿಸಿತು. ಬಲಗಡೆ ಬರೀ 3 ಇದೆ, ಅದರ ಚಿಹ್ನೆಯ ಬಗ್ಗೆ ಅನುಮಾನವೇ ಇಲ್ಲ. ಎರಡು ಸಂದರ್ಭಗಳಲ್ಲಿ ಒಂದು ಪುಕ್ಕಟೆ ಸಿಗುತ್ತದೆ. ಬಲಗಡೆ −3 ಇದ್ದು ಗುರುತು > ಆಗಿದ್ದರೂ ಇದೇ ಕಥೆ: 1/(x−2) > −3 ರಲ್ಲಿ x > 2 ಪುಕ್ಕಟೆ. x < 2 ಆದಾಗ ಎರಡೂ ಋಣ, ತಿರುಗಿಸಿದರೆ x − 2 < −1/3, ಅಂದರೆ x < 5/3. ಬಲಗಡೆ 0 ಇದ್ದರೆ ಮಾತ್ರ ಈ ದಾರಿಗೆ ಬಾಗಿಲೇ ಇಲ್ಲ, ಸೊನ್ನೆಗೆ ವ್ಯುತ್ಕ್ರಮ ಇಲ್ಲ. ಆದರೆ ಆಗ ಲೆಕ್ಕವೂ ಇಲ್ಲ: ಛೇದದ ಚಿಹ್ನೆ ನೋಡಿದರೆ ಮುಗೀತು.

ಈಗ ಎರಡೂ ಕಡೆ x ಇರುವ ಲೆಕ್ಕ: 1/(x−2) < 1/(2x+1). ಮೂರು ದಾರಿಗಳ ನಿಜವಾದ ವ್ಯತ್ಯಾಸ ಕಾಣುವುದು ಇಲ್ಲಿ.

ವ್ಯುತ್ಕ್ರಮದ ದಾರಿಯಲ್ಲಿ ಮೊದಲು ಚಿಹ್ನೆ ಬದಲಾಗುವ ಜಾಗ ಹುಡುಕಬೇಕು: −1/2 ಮತ್ತು 2. x > 2 ಆದಾಗ ಎರಡೂ ಛೇದ ಧನ. ತಿರುಗಿಸಿದರೆ x − 2 > 2x + 1, ಅಂದರೆ x < −3. x > 2 ಅಂತ ಹೇಳಿಕೊಂಡು ಹೊರಟಿದ್ದೇವೆ, ಹಾಗಾಗಿ ಇಲ್ಲಿ ಏನೂ ಸಿಗಲಿಲ್ಲ. −1/2 ಮತ್ತು 2 ರ ನಡುವೆ ಎಡಗಡೆ ಋಣ, ಬಲಗಡೆ ಧನ, ಇಡೀ ತುಂಡು ಉತ್ತರ. x < −1/2 ಆದಾಗ ಎರಡೂ ಋಣ, ಮತ್ತೆ ತಿರುಗುತ್ತದೆ, ಮತ್ತೆ x < −3, ಈ ಸಲ ಅದು ನಿಲ್ಲುತ್ತದೆ. ಉತ್ತರ: x < −3 ಅಥವಾ −1/2 < x < 2.

ಗಮನಿಸಿ, x < −3 ಅನ್ನುವ ಒಂದೇ ಸಾಲು ಎರಡು ಸಲ ಬಂತು. ಒಮ್ಮೆ ಬಿಸಾಕಿದೆವು, ಒಮ್ಮೆ ಇಟ್ಟುಕೊಂಡೆವು. ಯಾವ ಸಂದರ್ಭದ ಒಳಗಿದ್ದೇವೆ ಅನ್ನುವುದನ್ನು ಪ್ರತಿ ಸಾಲಿನ ಪಕ್ಕದಲ್ಲಿ ಬರೆದುಕೊಳ್ಳದಿದ್ದರೆ ಇಲ್ಲೇ ದಾರಿ ತಪ್ಪುವುದು. ಬರೀ ತಿರುಗಿಸಿ ಬಿಟ್ಟವರಿಗೆ x < −3 ಮಾತ್ರ ಸಿಗುತ್ತದೆ, ನಡುವಿನ ತುಂಡು ಹೋಯಿತು.

ವರ್ಗದಿಂದ ಗುಣಿಸುವ ದಾರಿ ಇಲ್ಲಿ ಸುಸ್ತು ಮಾಡಿತು. (x−2)²(2x+1)² ನಿಂದ ಗುಣಿಸಿ ಎಲ್ಲವನ್ನೂ ಬಿಡಿಸಿದರೆ 2x³ + 3x² − 11x − 6 < 0 ಬರುತ್ತದೆ. ಇದನ್ನು ಮತ್ತೆ ಅಪವರ್ತಿಸಬೇಕು! ಬಿಡಿಸದೆ ಸಾಮಾನ್ಯ ಅಪವರ್ತನವನ್ನು ಹೊರಗೆ ತೆಗೆದರೆ (x−2)(2x+1)(x+3) < 0 ನೇರವಾಗಿ ಸಿಗುತ್ತದೆ. ಅಂದರೆ ಈ ದಾರಿಗೆ ಬರುವವರು ಆವರಣಗಳನ್ನು ಬಿಡಿಸಬಾರದು. ಕೈ ಸುಮ್ನೆ ಇರಬೇಕಲ್ಲ.

ಇದರಲ್ಲಿ ಇನ್ನೊಂದು ಸಣ್ಣ ಗುಂಡಿ ಇದೆ. ಮೊದಲ ಲೆಕ್ಕದಲ್ಲಿ < ಬದಲು ≤ ಇದ್ದಿದ್ದರೆ (x−2)(3x−7) ≥ 0 ಬರುತ್ತಿತ್ತು, ಅದಕ್ಕೆ x = 2 ಕೂಡ ಹೊಂದುತ್ತದೆ. ಆದರೆ ಮೂಲ ಲೆಕ್ಕದಲ್ಲಿ x = 2 ಹಾಕಿದರೆ ಛೇದವೇ ಸೊನ್ನೆ. ಗುಣಿಸಿದಾಗ ಛೇದ ಕಣ್ಣಿಂದ ಮರೆಯಾಗುತ್ತದೆ, ಅದರ ಜೊತೆ ಈ ನಿಷೇಧವೂ ಮರೆಯಾಗುತ್ತದೆ. ಅದನ್ನು ಕೈಯಾರೆ ಹೊರಗಿಡಬೇಕು: x < 2 ಅಥವಾ x ≥ 7/3.

ಒಂದೇ ಬದಿಗೆ ತರುವ ದಾರಿಯಲ್ಲಿ ಎಡಗಡೆ (x+3)/((x−2)(2x+1)) ಬರುತ್ತದೆ, ಅದು ಸೊನ್ನೆಗಿಂತ ಚಿಕ್ಕದಿರಬೇಕು. −3, −1/2, 2 ರೇಖೆಯನ್ನು ನಾಲ್ಕು ತುಂಡು ಮಾಡುತ್ತವೆ. ಬಲ ತುದಿಯಲ್ಲಿ ಧನ. ಪ್ರತಿ ಅಪವರ್ತನವೂ ಒಂದೇ ಸಲ ಬಂದಿರುವುದರಿಂದ ಒಂದೊಂದು ಬಿಂದು ದಾಟಿದಾಗಲೂ ಚಿಹ್ನೆ ಬದಲಾಗುತ್ತದೆ: ಬಲದಿಂದ ಎಡಕ್ಕೆ ಧನ, ಋಣ, ಧನ, ಋಣ. ಋಣ ಇರುವ ಎರಡು ತುಂಡುಗಳೇ ಉತ್ತರ. ಛೇದ ಕೊನೆತನಕ ಕಣ್ಣೆದುರೇ ಇರುತ್ತದೆ, ಹಾಗಾಗಿ ≤ ಬಂದರೂ ಯಾವ ಬಿಂದು ಸೇರಬಾರದು ಅಂತ ಮರೆಯೋದು ಕಷ್ಟ. ಎರಡೂ ಕಡೆ x ಇದ್ದರೆ ನಾನು ಹಿಡಿಯುವುದು ಇದನ್ನೇ, ಎರಡನೇ ಯೋಚನೆ ಇಲ್ಲ.

ಹಾಗಂತ ವ್ಯುತ್ಕ್ರಮವನ್ನು ಮೂಲೆಗೆ ತಳ್ಳಬೇಡಿ. x ನ ವ್ಯಾಪ್ತಿ ಕೊಟ್ಟು 1/x ನ ವ್ಯಾಪ್ತಿ ಕೇಳಿದಾಗ ಉಳಿದೆರಡು ದಾರಿಗಳು ಅದರ ಹತ್ತಿರವೂ ಬರುವುದಿಲ್ಲ. ಲಿಮಿಟ್ ಸಾಧಿಸುವಾಗ |x − 3| < 1 ಅಂತ ಸಿಕ್ಕಿತು ಅಂದುಕೊಳ್ಳಿ. 2 < x < 4, ಎಲ್ಲ ಧನ, ಒಂದೇ ಏಟಿಗೆ 1/4 < 1/x < 1/2. ಇದನ್ನು ಚಿಹ್ನೆಯ ಪಟ್ಟಿ ಹಾಕಿ ಮಾಡುವುದು ಸುಮ್ನೆ ಕಷ್ಟಪಟ್ಟ ಹಾಗೆ.

ಆದರೆ ವ್ಯಾಪ್ತಿಯ ಒಳಗೆ ಸೊನ್ನೆ ಬಂದರೆ ಜೋಪಾನ. −3 < x < 2, x ಸೊನ್ನೆ ಅಲ್ಲ. ಎರಡು ತುದಿಗಳಿಗೆ ಬೇರೆ ಚಿಹ್ನೆ ಇದೆ, ಹಾಗಾಗಿ ಗುರುತು ಉಳಿಯುತ್ತದೆ ಅಂತ −1/3 < 1/x < 1/2 ಬರೆದರೆ? x = 1 ಹಾಕಿ: 1/x ಅಂದರೆ 1, ಅದು 1/2 ಕ್ಕಿಂತ ದೊಡ್ಡದು. ನಿಯಮ ಸರಿಯಾಗಿದೆ, ಬಳಸಿದ ರೀತಿ ಸರಿಯಿಲ್ಲ. ಇಲ್ಲಿ ಹೋಲಿಸಬೇಕಾದದ್ದು −3 ಮತ್ತು 2 ನ್ನಲ್ಲ, −3 ಮತ್ತು x ನ್ನು, ಆಮೇಲೆ x ಮತ್ತು 2 ನ್ನು. x ನ ಚಿಹ್ನೆ ಗೊತ್ತಿಲ್ಲ, ಹಾಗಾಗಿ ಒಡೆಯಲೇಬೇಕು. −3 < x < 0 ಆದಾಗ −3 ಮತ್ತು x ಎರಡೂ ಋಣ, ತಿರುಗಿಸಿದರೆ 1/x < −1/3. 0 < x < 2 ಆದಾಗ x ಮತ್ತು 2 ಎರಡೂ ಧನ, ತಿರುಗಿಸಿದರೆ 1/x > 1/2. ಮೊದಲು ಬರೆದ ತಪ್ಪು ಉತ್ತರದಲ್ಲಿ 1/x ಇರುವ ಜಾಗ −1/3 ಮತ್ತು 1/2 ರ ನಡುವೆ. ನಿಜವಾದ ಉತ್ತರದಲ್ಲಿ 1/x ಸುಳಿಯದೇ ಇರುವ ಜಾಗವೇ ಅದು.